ಜೂಜಿನ ಮನೆಯಲ್ಲಿ

ಸಭಾಪರ್ವದ ದ್ಯೂತಪ್ರಸಂಗವನ್ನು ನಾವು ಬಾಲ್ಯದಿಂದಲೂ ಕೇಳಿ ಬಲ್ಲೆವು. ಆದರೆ ನಮ್ಮ ಗಮನವೆಲ್ಲವೂ ದ್ರೌಪದಿಯ ಮೇಲೆಯೇ ನಿಂತಿತ್ತಲ್ಲದೆ, ಅನಂತರ ನಡೆದುದರ ಕಡೆಗೆ ಹೋಗಿರಲಿಲ್ಲ. ಧೃತರಾಷ್ಟ್ರನು ಸೋತುದೆಲ್ಲವನ್ನೂ ಹಿಂದಕ್ಕೆ ಕೊಟ್ಟನು. ಧರ್ಮರಾಯನು ಇಂದ್ರಪ್ರಸ್ಥದ ದಾರಿಯನ್ನು ಹಿಡಿದಿದ್ದನು. ಮತ್ತೊಂದು ಕರೆ ಬಂದೊಡನೆಯೇ ಹಿಂದಿರುಗಿ ಪುನಃ ಪಗಡೆಗೆ ಕುಳಿತನು. ಇದರ ಅರ್ಥವು ನಮಗೆ ವಿಶದವಾದುದು ನಮ್ಮ ಮನೆಯಲ್ಲಿಯೇ.

ನಮ್ಮ ಯಜಮಾನರು ಕಾಫಿಯ ಹೊರತು ಬೇರೊಂದು ಚಟವನ್ನರಿಯದವರು. 2022ರಲ್ಲಿ ಅವರ ಮೊಬೈಲಿನೊಳಗೆ ರಮ್ಮಿ ಆಟವು ಹೊಕ್ಕಿತು. ನಮಗೆ ಸಂಶಯವುಂಟಾದುದು ಬ್ಯಾಂಕಿನ ಲೆಕ್ಕದ ಪುಸ್ತಕದಿಂದ. ಒಂದೇ ದಿನಾಂಕದಲ್ಲಿ 500, 500, 1,000, 2,000, 4,000 ಎಂದು ಏರುತ್ತ ಹೋದ ಐದು ಪಾವತಿಗಳು! ದಿನಸಿ ತರುವವರು ಹೀಗೆ ತೆರುವುದಿಲ್ಲ. ಸೋತುದನ್ನು ಅದೇ ರಾತ್ರಿ ಹಿಂದಕ್ಕೆ ಪಡೆಯಹೊರಟವರ ಹೆಜ್ಜೆಯ ಗುರುತು ಅದು.

ಕೇಳಿದಾಗ ಅತ್ತರು, ಮಗುವಿನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದರು. ನಾವು 2024ರ ಆರಂಭದಲ್ಲಿ 40 ಗ್ರಾಂ ತೂಕದ ಬಳೆಗಳನ್ನು ಅಡವಿಟ್ಟು 1,80,000 ರೂಪಾಯಿ ತಂದು ಸಾಲವನ್ನೆಲ್ಲ ತೀರಿಸಿದೆವು. ಪತಿವ್ರತೆಯ ಕರ್ತವ್ಯವನ್ನು ಮಾಡಿದೆವೆಂದು ಒಳಗೊಳಗೆ ಹೆಮ್ಮೆಯೂ ಪಟ್ಟೆವು. ಮೂರು ತಿಂಗಳು ಕಳೆಯುವುದರೊಳಗೆ ಹೊಸ ಸಾಲ. ಹಳೆಯ ಬಾಕಿ ತೀರಿದುದರಿಂದ ಸಾಲಗಾರರ ಕಣ್ಣಿಗೆ ಅವರು ಪುನಃ ನಂಬಿಗಸ್ತರಾಗಿದ್ದರು! ನಾವು ಧೃತರಾಷ್ಟ್ರನ ಕೆಲಸವನ್ನೇ ಮಾಡಿದ್ದೆವು.

ಆ ದಿನಗಳ ಕೋಪವನ್ನು ಏನೆಂದು ಬರೆಯೋಣ! ಅನ್ನ ಬಡಿಸುವಾಗಲೂ ಕೈ ನಡುಗುತ್ತಿತ್ತು. ರಾತ್ರಿ ಗೋಡೆಯ ಮೇಲೆ ಮೊಬೈಲಿನ ಬೆಳಕು ಬಿದ್ದರೆ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ಸ್ನಾನಕ್ಕೆ ಹೋದಾಗ ಜೇಬು ತಡಕುವುದು, ಫೋನನ್ನು ತೆರೆದು ನೋಡುವುದು, ಇದೇ ನಮ್ಮ ನಿತ್ಯಕರ್ಮವಾಯಿತು. ಆಟವಾಡದ ನಾವೂ ಆಟಕ್ಕೇ ಸೆರೆಯಾಗಿದ್ದೆವು.

2025ರಲ್ಲಿ ಹಣ ಕಟ್ಟಿ ಆಡುವ ಇಂಟರ್ನೆಟ್ಟಿನ ಆಟಗಳನ್ನು ಸಂಸತ್ತು ನಿಷೇಧಿಸಿದಾಗ ದೇವರಿಗೆ ತುಪ್ಪದ ದೀಪ ಹಚ್ಚಿದೆವು. ಅವರು ಸ್ನೇಹಿತರೊಬ್ಬರ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಸ್ಪೀಟಿಗೆ ಕುಳಿತರು. ಹೆಬ್ಬಾಗಿಲು ಮುಚ್ಚಿದರೆ ಹಿತ್ತಿಲ ಬಾಗಿಲಿದೆಯಷ್ಟೆ.

ಒಂದು ರಾತ್ರಿ ಅವರು, “ನಾನಿಲ್ಲದಿದ್ದರೆ ನಿಮಗೆಲ್ಲ ಲೇಸು” ಎಂದರು. ಇದು ನಟನೆಯೋ ನಿಜವೋ ಎಂದು ತೂಗುತ್ತ ಕೂರಲಿಲ್ಲ, ಕೂರಲೂಬಾರದು. ಸಾಲದಲ್ಲಿ ಮುಳುಗಿದ ಜೂಜುಗಾರರಲ್ಲಿ ಈ ಮಾತು ನಿಜವಾಗುವುದುಂಟು. ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿದೆವು; ಕನ್ನಡದಲ್ಲಿಯೇ ಮಾತನಾಡಿದರು. ಅವರ ಸಲಹೆಯಂತೆ ಮನೋವೈದ್ಯರಲ್ಲಿಗೆ ಹೋದೆವು. ಇದು ಕೆಟ್ಟತನವಲ್ಲ, ಮದ್ಯದ ಚಟದಂತೆ ಗುರುತಿಸಲ್ಪಟ್ಟ ವ್ಯಾಧಿ, ಗುಣಮುಖರಾಗುವಾಗ ಜಾರುವುದೂ ಉಂಟು ಎಂದು ಅವರು ತಿಳಿಸಿದರು. ಅನಂತರ ನಮ್ಮ ಕಡೆಗೆ ತಿರುಗಿ, “ಅಮ್ಮಾ, ತಾವು ಎಷ್ಟು ಹೊತ್ತು ನಿದ್ರೆ ಮಾಡುತ್ತೀರಿ?” ಎಂದರು. ಮೂರು ವರ್ಷಗಳಲ್ಲಿ ನಮ್ಮನ್ನು ಯಾರೂ ಆ ಪ್ರಶ್ನೆಯನ್ನು ಕೇಳಿರಲಿಲ್ಲ. ಉತ್ತರಕ್ಕೆ ಮೊದಲು ಕಣ್ಣೀರು ಬಂದಿತು.

ಅಂದಿನಿಂದ ಅವರನ್ನು ಕಾಯುವುದನ್ನು ಬಿಟ್ಟು, ಮನೆಯನ್ನು ಕಾಯತೊಡಗಿದೆವು. ನಮ್ಮ ಹೊಲಿಗೆಯ ಸಂಪಾದನೆಯನ್ನು ಜಂಟಿ ಖಾತೆಯಿಂದ ತೆಗೆದು ನಮ್ಮೊಬ್ಬರ ಹೆಸರಿನ ಖಾತೆಗೆ ಹಾಕಿದೆವು. ಅದರ ಗುಪ್ತಸಂಖ್ಯೆಯನ್ನು ಯಾರಿಗೂ ತಿಳಿಸಲಿಲ್ಲ. ಉಳಿದ ಒಡವೆ ಲಾಕರಿಗೆ ಹೋಯಿತು. ಅವರ ಸಂಬಳ ಬಂದ ದಿನವೇ ಬಾಡಿಗೆ, ಶಾಲೆಯ ಶುಲ್ಕ, ದಿನಸಿ ಮೂರಕ್ಕೂ ಹಣ ತೆರುವುದೆಂದು ಅವರೆದುರಿಗೇ ನಿಶ್ಚಯಿಸಿದೆವು. ಫೋನನ್ನು ತಡಕುವುದಿಲ್ಲ, ಶನಿವಾರ ಸಂಜೆ ಒಂದು ಗಂಟೆ ಮಾತ್ರ ಇಬ್ಬರೂ ಕುಳಿತು ಲೆಕ್ಕ ನೋಡುವುದು. ಮಿಕ್ಕ ಆರು ದಿನ ಆ ವಿಷಯವನ್ನೆತ್ತುವುದಿಲ್ಲ. ಮೊದಲ ವಾರ ಇದು ಉಪವಾಸಕ್ಕಿಂತ ಕಠಿನವಾಗಿತ್ತು. ಬೆಳಗ್ಗೆ ಅಕ್ಕನೊಡನೆ ಕೆರೆಯ ದಂಡೆಗೆ ನಡೆಯಲು ಹೋಗತೊಡಗಿದೆವು; ಆಕೆಗೆ ಮಾತ್ರ ಸತ್ಯವನ್ನೆಲ್ಲ ಹೇಳಿದ್ದೆವು. ಗುಟ್ಟು ಹೊರುವುದೇ ಅರ್ಧ ಭಾರ.

ಎಲ್ಲಕ್ಕಿಂತ ಮುಖ್ಯವಾದುದು ರುಜುವಿನ ವಿಷಯ. ಗಂಡನು ಒಬ್ಬನೇ ಬರೆದುಕೊಟ್ಟ ಸಾಲಕ್ಕೆ, ಹೆಂಡತಿ ಎಂಬ ಕಾರಣ ಮಾತ್ರದಿಂದ ಆಕೆ ಹೊಣೆಯಾಗುವುದಿಲ್ಲ. ಜಾಮೀನಿಗೆ ರುಜು ಹಾಕಿದರೆ ಪೂರ್ತಿ ಸಾಲವನ್ನು ಆಕೆಯಿಂದಲೇ ವಸೂಲು ಮಾಡಬಹುದು. ವಕೀಲರಾದ ನಮ್ಮ ಸೋದರಮಾವನವರು ಇದನ್ನು ತಿಳಿಸಿದಾಗಲೇ ನಮಗೆ ಗೊತ್ತಾದುದು.

ಕಳೆದ ತಿಂಗಳು ಅವರು ಒಂದು ಕಾಗದವನ್ನು ತಂದು, “ಇದೊಂದೇ ಸಲ” ಎಂದರು. ನಾವು ಓದಿ ಹಿಂದಕ್ಕೆ ಕೊಟ್ಟೆವು. ಊಟ ಮಾಡದೆ ಹೊರಗೆ ಹೋದರು. ನಾವು ಮಗುವಿಗೆ ಬಡಿಸಿ, ತಾವೂ ಉಂಡು, ಅವರ ತಟ್ಟೆಯನ್ನು ಮುಚ್ಚಿಟ್ಟು ಮಲಗಿದೆವು. ನಿದ್ರೆ ಬಂದಿತು. ಬೆಳಗ್ಗೆ ಎದ್ದು ನೋಡಿದರೆ ತಟ್ಟೆ ತೊಳೆದಿಟ್ಟಿದ್ದಿತು; ಪಕ್ಕದಲ್ಲಿ, ಅವರ ಕೈಬರಹದಲ್ಲಿ, ಇದುವರೆಗೆ ಹೇಳದಿದ್ದ ಎರಡು ಸಾಲಗಳನ್ನೂ ಸೇರಿಸಿದ ಪಟ್ಟಿ.