ಬಲಕ್ಕೆ ನಡೆದರೆ ಬಿಗಿಯುತ್ತೆ

ನನ್ನ ಜ್ಞಾಪಕಶಕ್ತಿಯ ಬಗ್ಗೆ ನಮ್ಮ ಮನೆಯಲ್ಲಿ ಯಾರಿಗೂ ಒಳ್ಳೆಯ ಅಭಿಪ್ರಾಯವಿಲ್ಲ. ಕೊತ್ತಂಬರಿ ಬೀಜ ತರಲು ಹೋಗಿ ಕೊತ್ತಂಬರಿ ಸೊಪ್ಪು ತಂದವನು ನಾನು. ಆದರೆ ಹದಿನೇಳರ ಮಗ್ಗಿಯನ್ನು ಮಾತ್ರ ನಡುರಾತ್ರಿ ಎಬ್ಬಿಸಿ ಕೇಳಿದರೂ ಒಪ್ಪಿಸಬಲ್ಲೆ. ಬಾಲ್ಯದಲ್ಲಿ ಜಗಲಿಯ ಮೇಲೆ ಸಾಲಾಗಿ ಕುಳಿತು, ಮೈ ತೂಗುತ್ತಾ ರಾಗವಾಗಿ ಹೇಳಿದ್ದು ಮೂಳೆಯೊಳಗೆ ಇಳಿದುಬಿಟ್ಟಿದೆ. ರಾಗದಲ್ಲಿ ಒಳಹೊಕ್ಕದ್ದು ಸುಲಭವಾಗಿ ಹೊರಗೆ ಹೋಗುವುದಿಲ್ಲ. ಇದರ ಲಾಭವೂ ನಷ್ಟವೂ ನನಗೆ ಚೆನ್ನಾಗಿ ತಿಳಿದದ್ದು ಪಾಂಡವಪುರದಲ್ಲಿ ರಸಾಯನಶಾಸ್ತ್ರದ ಮೇಷ್ಟರಾಗಿದ್ದಾಗ.

ನಾನು ಪಾಠ ಹೇಳುತ್ತಿದ್ದ ಕೊಠಡಿಯ ಕಿಟಕಿಯಿಂದ ಕುಂತಿಬೆಟ್ಟ ಕಾಣುತ್ತಿತ್ತು. ಕಬ್ಬಿನ ಗಾಡಿಗಳು ರಸ್ತೆ ತುಂಬಿದ ದಿನಗಳಲ್ಲಿ ಹಳ್ಳಿಯ ಬಸ್ಸುಗಳು ತಡವಾಗಿ, ಅರ್ಧ ತರಗತಿ ಎರಡನೆಯ ಗಂಟೆಗೆ ಬಂದು ಕೂರುತ್ತಿತ್ತು. ಬಹುತೇಕ ಮಕ್ಕಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿಗೆ ಬಂದ ಮೊದಲ ದಿನವೇ ಇಂಗ್ಲಿಷ್ ಪುಸ್ತಕದ ಮುಂದೆ ಕುಳಿತವರು. ಅವರ ಪಾಲಿಗೆ ರಸಾಯನಶಾಸ್ತ್ರಕ್ಕಿಂತ ಮೊದಲು ದಾಟಬೇಕಾದ ಹೊಳೆ ಇಂಗ್ಲಿಷೇ ಆಗಿತ್ತು.

2014ರ ಮಳೆಗಾಲದಲ್ಲಿ ನಮಗೊಂದು ಪ್ರೊಜೆಕ್ಟರ್ ಬಂತು. ನಾನು ಎರಡು ರಾತ್ರಿ ನಿದ್ದೆಗೆಟ್ಟು ಆವರ್ತ ಕೋಷ್ಟಕದ ಸ್ಲೈಡೊಂದನ್ನು ತಯಾರಿಸಿದೆ. ನಡುವೆ ಬಣ್ಣಬಣ್ಣದ ಕೋಷ್ಟಕ, ಸುತ್ತಲೂ ಬಾಣಗಳು. ಪರಮಾಣುವಿನ ಗಾತ್ರ, ಎಲೆಕ್ಟ್ರಾನನ್ನು ಕಿತ್ತುಹಾಕಲು ಬೇಕಾದ ಅಯಾನೀಕರಣ ಶಕ್ತಿ, ಬಂಧದಲ್ಲಿರುವ ಎಲೆಕ್ಟ್ರಾನನ್ನು ತನ್ನತ್ತ ಎಳೆದುಕೊಳ್ಳುವ ವಿದ್ಯುದೃಣತೆ, ಕೊನೆಗೆ ಲೋಹಗುಣ. ನಾಲ್ಕು ಗುಣಕ್ಕೂ ಆವರ್ತದಲ್ಲಿ ಎಡದಿಂದ ಬಲಕ್ಕೆ ಒಂದು ಬಾಣ, ಗುಂಪಿನಲ್ಲಿ ಮೇಲಿನಿಂದ ಕೆಳಕ್ಕೆ ಒಂದು ಬಾಣ, ಒಟ್ಟು ಎಂಟು. ಗೋಡೆಯ ಮೇಲೆ ಅದು ಮೂಡಿದಾಗ ಮಕ್ಕಳು ಸಿನಿಮಾ ನೋಡಿದಂತೆ ನೋಡಿದರು. ನಾನು ಹಿಗ್ಗಿದೆ.

ಕಿರುಪರೀಕ್ಷೆಯಲ್ಲಿ ಆ ಹಿಗ್ಗು ಇಳಿಯಿತು. ಎಲ್ಲರೂ ಎಂಟು ಬಾಣ ಬರೆದಿದ್ದರು. ಯಾವುದು ಯಾವ ಕಡೆಗೆ ಎಂಬುದು ಮಾತ್ರ ಅವರವರ ಅದೃಷ್ಟ. ಒಬ್ಬ ಜಾಣ ಯಾವುದಕ್ಕೂ ಇರಲೆಂದು ಎಲ್ಲ ಬಾಣಗಳಿಗೂ ಎರಡು ಕಡೆ ಮೊನೆ ಬರೆದಿದ್ದ.

ನಾಲೆಯ ಕೊನೆಯ ಭಾಗದ ಹಳ್ಳಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಉತ್ತರಪತ್ರಿಕೆ ಹಿಡಿದು ಬಂದಳು. ‘ಸಾ, ನಮ್ಮಪ್ಪ ಆರ್ಟ್ಸ್‌ಗೆ ಸೇರ್ಕೊ ಅಂತೈತೆ. ಈ ಬಾಣ ಎಲ್ಲ ನನ್ನ ತಲೇಲಿ ನಿಲ್ತಾ ಇಲ್ಲ’ ಎಂದಳು. ವರ್ಗ ಬದಲಿಸಿಕೊಳ್ಳಲು ಇನ್ನು ಒಂದು ವಾರವಷ್ಟೇ ಇತ್ತು. ‘ಮಗ್ಗಿ ಬರುತ್ತೇನಮ್ಮ?’ ಎಂದೆ. ‘ಇಪ್ಪತ್ತರ ತನಕ ಬತ್ತದೆ ಸಾ.’ ‘ಅದು ಹೇಗೆ ನಿಂತಿತು?’ ಅವಳು ನಕ್ಕು, ‘ಅದು ಹಾಡಲ್ವಾ ಸಾ’ ಎಂದಳು.

ಮಾರನೆಯ ದಿನ ಸ್ಲೈಡನ್ನು ಮತ್ತೆ ಹಾಕಿದೆ. ಈ ಬಾರಿ ಬಾಣಗಳನ್ನು ಬಿಟ್ಟು ಕಾರಣದಿಂದ ಹೊರಟೆ. ನಮ್ಮ ತಾಲ್ಲೂಕಿನ ಮಕ್ಕಳಿಗೆ ಮೇಲುಕೋಟೆಯ ವೈರಮುಡಿ ಉತ್ಸವ ಗೊತ್ತು. ರಾತ್ರಿ ಉತ್ಸವಮೂರ್ತಿ ಬರುವಾಗ ಮುಂದಿನ ಸಾಲಿನವರಿಗೆ ಕಿರೀಟ ಕಾಣುತ್ತದೆ. ಹಿಂದಿನ ಸಾಲಿನವರಿಗೆ ಮುಂದಿನವರ ತಲೆಗಳೇ ಕಾಣುತ್ತವೆ. ಪರಮಾಣುವಿನ ನಡುವಿನ ನ್ಯೂಕ್ಲಿಯಸ್ಸು ಆ ಮೂರ್ತಿಯಂತೆ, ಎಲೆಕ್ಟ್ರಾನುಗಳು ಸಾಲುಸಾಲಾಗಿ ನಿಂತ ಭಕ್ತರಂತೆ. ಒಳಗಿನ ಸಾಲು ಹೊರಗಿನ ಸಾಲಿಗೆ ಮರೆಯಾಗುತ್ತದೆ. ಒಂದೇ ಸಾಲಿನಲ್ಲಿ ಅಕ್ಕಪಕ್ಕ ನಿಂತವರು ಒಬ್ಬರಿಗೊಬ್ಬರು ಅಷ್ಟಾಗಿ ಮರೆಯಾಗುವುದಿಲ್ಲ.

ಈಗ ಸೋಡಿಯಂನಿಂದ ಬಲಕ್ಕೆ ನಡೆಯೋಣ. ಸೋಡಿಯಂನ ನ್ಯೂಕ್ಲಿಯಸ್ಸಿನಲ್ಲಿ 11 ಪ್ರೋಟಾನು. ಒಳಸಾಲುಗಳ 10 ಎಲೆಕ್ಟ್ರಾನುಗಳು ಮರೆ ಹಿಡಿದ ಮೇಲೆ ಹೊರಗಿನ ಒಂಟಿ ಎಲೆಕ್ಟ್ರಾನಿಗೆ ತಲುಪುವುದು, ಒರಟು ಲೆಕ್ಕದಲ್ಲಿ, ಒಂದು ಪ್ರೋಟಾನಿನ ಸೆಳೆತ. ಅದೇ ಆವರ್ತದ ಕ್ಲೋರಿನ್‌ನಲ್ಲಿ 17 ಪ್ರೋಟಾನು, ಮರೆ ಹಿಡಿಯುವವರು ಅದೇ 10. ತಲುಪುವುದು ಸುಮಾರು ಏಳರ ಸೆಳೆತ. ಹೊಸ ಸಾಲು ಸೇರಲಿಲ್ಲ, ಸೆಳೆತ ಮಾತ್ರ ಹೆಚ್ಚಿತು. ಹಾಗಾಗಿ 186 ಪಿಕೋಮೀಟರ್ ಇದ್ದ ತ್ರಿಜ್ಯ 99ಕ್ಕೆ ಕುಗ್ಗುತ್ತದೆ. ಒಂದು ಮೋಲ್ ಪರಮಾಣುಗಳಿಂದ ತಲಾ ಒಂದು ಎಲೆಕ್ಟ್ರಾನನ್ನು ಕೀಳಲು ಸೋಡಿಯಂಗೆ 496 ಕಿಲೋಜೂಲ್ ಸಾಕು, ಕ್ಲೋರಿನ್‌ಗೆ 1251 ಬೇಕು. ಕೆಳಕ್ಕೆ ಇಳಿದರೆ ಕತೆ ತಿರುಗುಮುರುಗು. ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಎಂದು ಇಳಿದಂತೆ ಒಂದೊಂದು ಸಾಲು ಹೆಚ್ಚುತ್ತದೆ. ತ್ರಿಜ್ಯ 152, 186, 227 ಎಂದು ಬೆಳೆಯುತ್ತದೆ. ಕೀಳುವ ಶಕ್ತಿ 520, 496, 419 ಎಂದು ಇಳಿಯುತ್ತದೆ.

ಸಂಖ್ಯೆ ನಂಬದವರಿಗೆ ಕಣ್ಣಿಂದಲೇ ತೋರಿಸಿದೆ. ನೀರಿನ ಬೋಗುಣಿಗೆ ಅಕ್ಕಿಕಾಳಿನಷ್ಟು ಸೋಡಿಯಂ ಹಾಕಿದರೆ ಅದು ಕರಗಿ ಗುಂಡಾಗಿ ನೀರ ಮೇಲೆ ಸುಯ್ಯೆಂದು ಓಡಾಡಿತು. ಅದಕ್ಕಿಂತ ಚಿಕ್ಕ ಪೊಟ್ಯಾಸಿಯಂ ಚೂರು ಮುಟ್ಟುತ್ತಲೇ ನೇರಳೆ ಬಣ್ಣದ ಉರಿ ಹತ್ತಿಸಿಕೊಂಡಿತು. ಕೊಡುವ ಕೈ ಎಷ್ಟು ಸಡಿಲವೋ ಅಷ್ಟು ಆತುರ. ಹೊರಗಿನ ಎಲೆಕ್ಟ್ರಾನನ್ನು ಸಲೀಸಾಗಿ ಕೊಟ್ಟುಬಿಡುವುದೇ ಲೋಹಗುಣ ಎಂದು ಬಿಡಿಸಿ ಹೇಳುವ ಅಗತ್ಯವೇ ಬರಲಿಲ್ಲ.

ಹಾಗೆ ನೋಡಿದಾಗ ಎಂಟು ಬಾಣ ಬೇಕಿರಲಿಲ್ಲ. ‘ಹಿಡಿತ’ ಎಂಬ ಒಂದೇ ಮಾತು ಸಾಕಿತ್ತು. ಅದನ್ನು ಹಿಡಿದುಕೊಂಡು ತರಗತಿಯೆಲ್ಲ ಸೇರಿ ಪದ ಕಟ್ಟಿದೆವು. ನಾನು ಬರೆದ ಸಂಸ್ಕೃತದ ಮಾತುಗಳನ್ನೆಲ್ಲ ಆ ಹುಡುಗಿಯೇ ಒಂದೊಂದಾಗಿ ಕಿತ್ತುಹಾಕಿದಳು. ಉಳಿದದ್ದು ಇಷ್ಟು:

ಬಲಕ್ಕೆ ನಡೆದರೆ ಬಿಗಿಯುತ್ತೆ,
ಬಿಗಿದರೆ ಗಾತ್ರ ತಗ್ಗುತ್ತೆ;
ಕೆಳಕ್ಕೆ ಇಳಿದರೆ ಸಡಿಲುತ್ತೆ,
ಸಡಿಲಿರೆ ಗಾತ್ರ ಹಿಗ್ಗುತ್ತೆ.
ಬಿಗಿದ ಕೈಯವನು ಕೊಡೋದಿಲ್ಲ,
ಕೊಡದೇ ಇದ್ದವ ಲೋಹಲ್ಲ;
ಸಡಿಲ ಕೈಯವನು ಕೊಡ್ತಾನೆ,
ಕೊಟ್ಟವ ಲೋಹ ಆಗ್ತಾನೆ.

ಇದು ಕಾವ್ಯವಲ್ಲ, ನನಗೂ ಗೊತ್ತು. ಆದರೆ ಮಗ್ಗಿಯ ಧಾಟಿಗೆ ಹೊಂದುತ್ತಿತ್ತು. ಒಂದು ಸಾಲು ಮರೆತರೂ ಅದರ ಹಿಂದಿನ ಸಾಲು ಕೈಹಿಡಿದು ಮುಂದಕ್ಕೆ ಎಳೆಯುತ್ತಿತ್ತು. ಬಾಣಕ್ಕೆ ಆ ಗುಣವಿಲ್ಲ. ವಾರ ಕಳೆಯಿತು. ಹುಡುಗಿ ಆರ್ಟ್ಸ್‌ಗೆ ಹೋಗಲಿಲ್ಲ.

ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ನಾನೇ ಒಂದು ಪ್ರಶ್ನೆ ಹಾಕಿದೆ: ನೈಟ್ರೋಜನ್, ಆಕ್ಸಿಜನ್ ಈ ಎರಡರಲ್ಲಿ ಯಾವುದರ ಅಯಾನೀಕರಣ ಶಕ್ತಿ ಹೆಚ್ಚು, ಏಕೆ? ಪುಸ್ತಕದಲ್ಲಿದ್ದ ಪ್ರಶ್ನೆಯೇ. ತರಗತಿಯಲ್ಲಿ ಪದ ಹಾಡಿಸುವ ಸಂಭ್ರಮದಲ್ಲಿ ನಾನು ಈ ಅಪವಾದವನ್ನು ಒಂದು ಮಾತಿನಲ್ಲಿ ಹೇಳಿ ಮುಗಿಸಿದ್ದೆ. ಆಕ್ಸಿಜನ್ ಬಲಕ್ಕಿದೆ, ಆದ್ದರಿಂದ ಅದರದ್ದೇ ಹೆಚ್ಚು ಎಂದು ಮುಕ್ಕಾಲು ತರಗತಿ ಬರೆಯಿತು. ಹುಡುಗಿಯೂ ಬರೆದಿದ್ದಳು, ಕಾರಣದ ಜಾಗದಲ್ಲಿ ಪದದ ಮೊದಲ ಸಾಲನ್ನು ಇಂಗ್ಲಿಷಿನಲ್ಲಿ ಕೊಟ್ಟಿದ್ದಳು. ನಿಜವಾದ ಲೆಕ್ಕ ಬೇರೆ: ನೈಟ್ರೋಜನ್‌ಗೆ 1402 ಕಿಲೋಜೂಲ್, ಆಕ್ಸಿಜನ್‌ಗೆ 1314. ಹಿಂದೆ ಬಾಣ ತಿರುಗಿಸಿ ಬರೆದಿದ್ದವರು ಅನುಮಾನದಲ್ಲಿ ತಪ್ಪಿದ್ದರು. ಈಗ ನನ್ನ ಪದ ಹಾಡಿದವರು ಧೈರ್ಯವಾಗಿ ತಪ್ಪಿದರು. ಎರಡನೆಯದು ಹೆಚ್ಚು ಅಪಾಯದ್ದು.

ಉತ್ತರಪತ್ರಿಕೆ ಕೊಟ್ಟಾಗ ಅವಳು ಕೇಳಿದ್ದು ಅಂಕವನ್ನಲ್ಲ. ‘ಸಾ, ನಮ್ ಪದ ಸುಳ್ಳಾ?’ ಎಂದಳು. ಇಷ್ಟು ದಿನ ಅವಳು ವಿಜ್ಞಾನದಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದ ಹಗ್ಗ ಅದೊಂದೇ. ‘ಸುಳ್ಳಲ್ಲಮ್ಮ, ಅರ್ಧ’ ಎಂದೆ. ಹೇಳುವಾಗ ನಾಚಿಕೆಯಾಯಿತು.

ಉಳಿದರ್ಧವನ್ನು ಕಪ್ಪುಹಲಗೆಯ ಮೇಲೆ ಬಿಡಿಸಿದೆ. ಪಿ ಕವಚದಲ್ಲಿ ಮೂರು ಕೋಣೆ. ನೈಟ್ರೋಜನ್‌ನ ಮೂರು ಎಲೆಕ್ಟ್ರಾನುಗಳು ಕೋಣೆಗೊಂದರಂತೆ ನೆಮ್ಮದಿಯಾಗಿವೆ. ಆಕ್ಸಿಜನ್‌ನ ನಾಲ್ಕನೆಯದು ಯಾರದಾದರೂ ಕೋಣೆಗೆ ನುಗ್ಗಲೇಬೇಕು. ಒಂದೇ ಕೋಣೆಯ ಇಬ್ಬರು ಒಬ್ಬರನ್ನೊಬ್ಬರು ತಳ್ಳುತ್ತಾರೆ. ಹಾಗಾಗಿ ಅವರಲ್ಲಿ ಒಬ್ಬನನ್ನು ಹೊರಗೆ ಕರೆಯುವುದು ಸುಲಭ. ಬೆರಿಲಿಯಂ ಮತ್ತು ಬೋರಾನ್ ನಡುವೆಯೂ ಇಂಥದೇ ಒಂದು ಎಡವುಗಲ್ಲು. ಬೆರಿಲಿಯಂನ ಎಸ್ ಕವಚ ತುಂಬಿದೆ. ಬೋರಾನ್‌ನ ಹೊಸ ಎಲೆಕ್ಟ್ರಾನ್ ಅದಕ್ಕಿಂತ ಮೇಲಿನ ಪಿ ಕವಚಕ್ಕೆ ಏರಿ ಕೂತಿದೆ. ಅದನ್ನು ಕೀಳುವುದು ಸುಲಭ: 900ಕ್ಕೆ ಎದುರಾಗಿ 801. ಕೆಳಗಿನ ಸಾಲಿನಲ್ಲಿ ಮೆಗ್ನೀಸಿಯಂ–ಅಲ್ಯೂಮಿನಿಯಂ, ರಂಜಕ–ಗಂಧಕ ಈ ಜೋಡಿಗಳಲ್ಲಿಯೂ ಇದೇ ಎಡವು. ಅಪವಾದ ಎಲ್ಲೆಂದರಲ್ಲಿ ಬರುವುದಿಲ್ಲ, ಅದೇ ಎರಡು ಮೆಟ್ಟಿಲಲ್ಲಿ ಬರುತ್ತದೆ ಎಂದು ತಿಳಿದಾಗ ಅವಳ ಮುಖ ಸ್ವಲ್ಪ ತಿಳಿಯಾಯಿತು.

ಸಮಾಧಾನಕ್ಕೆಂದು ನ್ಯೂಲೆಂಡ್ಸನ ಕತೆ ಹೇಳಿದೆ. ಪ್ರತಿ ಎಂಟನೆಯ ಮೂಲವಸ್ತು ಮೊದಲನೆಯದನ್ನು ಹೋಲುತ್ತದೆಂದು ಆತ 1865ರಲ್ಲಿ ಸಂಗೀತದ ಸ್ವರಗಳಿಗೆ ಹೋಲಿಸಿ ನಿಯಮ ಮಾಡಿದ. ಮರುವರ್ಷ ಲಂಡನ್ನಿನ ಕೆಮಿಕಲ್ ಸೊಸೈಟಿಯ ಸಭೆಯಲ್ಲಿ ಒಬ್ಬರು, ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿ ನೋಡಿದ್ದೀರಾ ಎಂದು ಹಾಸ್ಯ ಮಾಡಿದರು. ಕ್ಯಾಲ್ಸಿಯಂ ದಾಟಿದ ಮೇಲೆ ಅವನ ಶ್ರುತಿ ಕೆಟ್ಟದ್ದೂ ನಿಜ. ಆದರೆ ಲಯ ಇದೆ ಎಂಬುದು ಸುಳ್ಳಾಗಿರಲಿಲ್ಲ. 1887ರಲ್ಲಿ ರಾಯಲ್ ಸೊಸೈಟಿ ಅವನಿಗೆ ಡೇವಿ ಪದಕ ಕೊಟ್ಟಿತು. ‘ಅವನು ಎಲ್ಲಿ ಶ್ರುತಿ ತಪ್ತದೆ ಅಂತಾನೂ ಹಾಡಿಗೆ ಸೇರಿಸ್ಬೇಕಿತ್ತು ಸಾ’ ಎಂದಳು ಹುಡುಗಿ.

ಎರಡು ದಿನ ಬಿಟ್ಟು ಅವಳೇ ಎರಡು ಸಾಲು ತಂದಳು:

ತುಂಬಿದ ಮನೆಗೂ ಅರೆಮನೆಗೂ
ಬಾಗಿಲು ಗಟ್ಟಿ, ನೋಡ್ ತಟ್ಟಿ.

ತುಂಬಿದ ಮನೆ ಬೆರಿಲಿಯಂ, ಅರ್ಧ ತುಂಬಿದ ಮನೆ ನೈಟ್ರೋಜನ್. ನಾನು ಒಂದಕ್ಷರವನ್ನೂ ತಿದ್ದಲಿಲ್ಲ. ಕ್ಲೋರಿನ್ನಿನ ವಿಷಯಕ್ಕೂ ಒಂದು ಸಾಲು ಬೇಕೆಂದು ಹೊರಟೆ. ಹೊರಗಿನಿಂದ ಬರುವ ಎಲೆಕ್ಟ್ರಾನನ್ನು ಸೇರಿಸಿಕೊಳ್ಳುವಾಗ ಫ್ಲೋರಿನ್ 328 ಕಿಲೋಜೂಲ್ ಬಿಟ್ಟುಕೊಟ್ಟರೆ, ಕೆಳಗಿರುವ ಕ್ಲೋರಿನ್ 349 ಬಿಟ್ಟುಕೊಡುತ್ತದೆ. ಪುಟ್ಟ ಫ್ಲೋರಿನ್ನಿನ ಮನೆ ಮೊದಲೇ ಇಕ್ಕಟ್ಟು. ಹುಡುಗಿ ತಡೆದಳು. ‘ಬ್ಯಾಡಿ ಸಾ, ಎಲ್ಲಾನೂ ಹಾಡಿಗೆ ಹಾಕುದ್ರೆ ಅದೇ ಇನ್ನೊಂದು ಸ್ಲೈಡಾಯ್ತದೆ.’ ನಾನು ಸುಮ್ಮನಾದೆ. ಆ ವಿಷಯವನ್ನು ಪದದ ಹೊರಗೇ ಇಟ್ಟು, ಬೇರೆಯಾಗಿ ಪಾಠ ಹೇಳಿದೆ.

ನಾನು ನಿವೃತ್ತನಾಗಿ ಕೆಲವು ವರ್ಷಗಳಾದವು. ಹೋದ ತಿಂಗಳು ಪಾಂಡವಪುರದ ಬಸ್ ನಿಲ್ದಾಣದಲ್ಲಿ ನಾಗಮಂಗಲದ ಬಸ್ಸಿಗೆ ಕಾಯುತ್ತಾ ಕುಳಿತಿದ್ದೆ. ಪಕ್ಕದಲ್ಲಿ ಸಮವಸ್ತ್ರದ ಹುಡುಗನೊಬ್ಬ ಪುಸ್ತಕ ಮುಚ್ಚಿಕೊಂಡು, ಮೈ ತೂಗುತ್ತಾ ಗುನುಗುತ್ತಿದ್ದ: ಬಲಕ್ಕೆ ನಡೆದರೆ ಬಿಗಿಯುತ್ತೆ. ನನ್ನ ಕಿವಿ ನೆಟ್ಟಗಾಯಿತು. ಯಾರು ಕಲಿಸಿದರಪ್ಪ ಎಂದರೆ, ‘ನಮ್ಮಕ್ಕನ ನೋಟ್ಸಲ್ಲಿತ್ತು’ ಎಂದ. ಎಂಟು ಸಾಲನ್ನೂ ತಪ್ಪಿಲ್ಲದೆ ಹೇಳಿ ನಿಲ್ಲಿಸಿದ.

‘ಆಮೇಲೆ?’ ಎಂದೆ.

‘ಅಷ್ಟೇಯ ಇರದು.’

ಬಾಯಿಂದ ಬಾಯಿಗೆ ಹೋಗುವಾಗ ನಿಯಮ ಉಳಿದು ಅಪವಾದ ಉದುರಿಹೋಗಿತ್ತು. ನಾನು ನೈಟ್ರೋಜನ್ನಿನಿಂದ ಶುರುಮಾಡುವಷ್ಟರಲ್ಲಿ ಅವನ ಬಸ್ಸು ಬಂತು. ನುಗ್ಗಿ ಹತ್ತಿ ಕಿಟಕಿಯ ಪಕ್ಕ ಕುಳಿತ. ಬಸ್ಸು ಹೊರಳುತ್ತಿದ್ದಂತೆ ನಾನು ಛತ್ರಿ ಎತ್ತಿ ಹಿಂದೆ ಓಡುತ್ತಾ ಆ ಎರಡು ಸಾಲುಗಳನ್ನು ಗಟ್ಟಿಯಾಗಿ ಕೂಗಿದೆ. ಅವನಿಗೆ ಕೇಳಿಸಿತೋ ಇಲ್ಲವೋ ತಿಳಿಯದು. ನಿಲ್ದಾಣದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಡಲೆಕಾಯಿ ಮಾರುತ್ತಿದ್ದ ಹೆಂಗಸು, ‘ಯಾರ ಮನೆ ಬಾಗ್ಲು ತಟ್ಬೇಕಿತ್ತು ಯಜಮಾನ್ರೇ?’ ಎಂದು ಕೇಳಿದಳು.