ಸೆಕೆಯೊಳಗಿನ ಮಂಜುಗಡ್ಡೆ

ಭರಣಿ ಮಳೆಯ ಹೊತ್ತಿಗೆ ಬಯಲುಸೀಮೆಯ ಮಧ್ಯಾಹ್ನ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಎಲೆ ಅಲುಗದು, ಫ್ಯಾನಿನ ಕೆಳಗೆ ಕೂತರೂ ಅಂಗಿ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ಆಗ ಜಗಲಿಯ ಮೇಲಿನ ಹಿರಿಯರು, 'ಈ ಸೆಕೆ ನೋಡಿದರೆ ಸಾಯಂಕಾಲ ಮಳೆ ಗ್ಯಾರಂಟಿ ಕಣಪ್ಪ' ಅನ್ನುತ್ತಾರೆ. ಈ ಮಾತನ್ನು ಅವರು ಒಣಬಿಸಿಲಿನ ದಿನ ಆಡುವುದಿಲ್ಲ. ರಾಯಚೂರಿನಲ್ಲಿ 42 ಡಿಗ್ರಿ ಕಾದರೂ ಗಾಳಿ ಒಣಗಿದ್ದರೆ ದಿನಗಟ್ಟಲೆ ಒಂದು ಹನಿ ಬೀಳದಿರಬಹುದು. ತುಮಕೂರಿನಲ್ಲಿ 35 ಡಿಗ್ರಿಯೇ ಇದ್ದು, ಮೈಮೇಲಿನ ಬೆವರು ಆರದೆ ಹೋದರೆ ಹಿರಿಯರ ಮಾತು ಬಹುಮಟ್ಟಿಗೆ ನಿಜವಾಗುತ್ತದೆ. ಬೆವರು ಆರದಿರುವುದೆಂದರೆ ಗಾಳಿಯಲ್ಲಿ ಆಗಲೇ ಬೇಕಾದಷ್ಟು ನೀರಾವಿ ಸೇರಿದೆ ಎಂದೇ ಅರ್ಥ. ಗುಡುಗುಮಳೆಗೆ ಉರುವಲು ಅದೇ.

ಏಪ್ರಿಲ್, ಮೇ ತಿಂಗಳಲ್ಲಿ ಅರಬ್ಬೀ ಸಮುದ್ರದ ಗಾಳಿ ಪಶ್ಚಿಮದಿಂದ, ಬಂಗಾಳ ಕೊಲ್ಲಿಯ ಗಾಳಿ ಪೂರ್ವದಿಂದ ಬಂದು ಒಳನಾಡಿನ ಮೇಲೆ ಎಲ್ಲೋ ಒಂದು ಕಡೆ ಎದುರಾಗುತ್ತವೆ. ಎದುರಾದ ಗಾಳಿಗೆ ಮೇಲೇರುವುದಲ್ಲದೆ ಬೇರೆ ದಾರಿಯಿಲ್ಲ. ಕಾದ ನೆಲವೂ ಅದನ್ನು ಮೇಲಕ್ಕೇ ದೂಡುತ್ತದೆ. ಒಂದು ಲೆಕ್ಕ ಹಾಕೋಣ. ಮಧ್ಯಾಹ್ನ ಮೂರು ಗಂಟೆ, ನೆಲದ ಹತ್ತಿರ 35 ಡಿಗ್ರಿ. ಗಾಳಿಯಲ್ಲಿರುವ ಆವಿ ಹನಿಯಾಗಬೇಕಾದರೆ ಅದು 19 ಡಿಗ್ರಿಗೆ ತಣಿಯಬೇಕು ಎಂದುಕೊಳ್ಳಿ. ಏರುವ ಗಾಳಿ ಹಿಗ್ಗುತ್ತದೆ, ಹಿಗ್ಗುತ್ತ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ತಣಿಯುತ್ತದೆ. ಮೇಲೆ ಹೋದಂತೆ ಹನಿಗಟ್ಟುವ ಉಷ್ಣತೆಯೂ ಸ್ವಲ್ಪ ಇಳಿಯುವುದರಿಂದ ಎರಡೂ ಸಂಧಿಸುವುದು ನೆಲದಿಂದ ಸುಮಾರು ಎರಡು ಕಿಲೋಮೀಟರ್ ಎತ್ತರದಲ್ಲಿ. ದೂರದಿಂದ ನೋಡಿದಾಗ ಮೋಡದ ತಳ ಗೆರೆ ಎಳೆದಂತೆ ಸಮತಟ್ಟಾಗಿ ಕಾಣುವುದು ಇದಕ್ಕೇ.

ಅಲ್ಲಿಂದ ಮೇಲೆ ನಡೆಯುವುದೇ ನನಗೆ ಎಷ್ಟು ಸಲ ಯೋಚಿಸಿದರೂ ಬೆರಗು ಹುಟ್ಟಿಸುವ ಸಂಗತಿ. ಸಮುದ್ರದಿಂದ ಆವಿಯಾಗಿ ಏಳುವಾಗ ಪ್ರತಿ ಗ್ರಾಂ ನೀರು ಸುಮಾರು 600 ಕ್ಯಾಲೊರಿ ಶಾಖವನ್ನು ಹೀರಿಕೊಂಡಿತ್ತು. ಹನಿಗಟ್ಟುವಾಗ ಅಷ್ಟನ್ನೂ ಮೋಡದೊಳಗೆ ಬಿಟ್ಟುಕೊಡುತ್ತದೆ. ಹಾಗಾಗಿ ಮೋಡದ ಒಳಗಿನ ಗಾಳಿ ಈಗ ಕಿಲೋಮೀಟರಿಗೆ ಐದಾರು ಡಿಗ್ರಿ ಮಾತ್ರ ತಣಿಯುತ್ತದೆ. ಸುತ್ತಲ ಗಾಳಿ ಏಳರಷ್ಟು ತಣಿಯುತ್ತಿರುತ್ತದೆ. ಸಮುದ್ರಮಟ್ಟದಿಂದ ಐದು ಕಿಲೋಮೀಟರ್ ಎತ್ತರದಲ್ಲಿ ಹೊರಗೆ ಸೊನ್ನೆ ಡಿಗ್ರಿ ಇದ್ದರೆ ಒಳಗೆ ನಾಲ್ಕೈದು ಡಿಗ್ರಿ ಇರುತ್ತದೆ. ಇಷ್ಟು ವ್ಯತ್ಯಾಸ ಸಾಕು, ಗಾಳಿ ಸೆಕೆಂಡಿಗೆ 20, 30 ಮೀಟರ್ ವೇಗದಲ್ಲಿ ನೆಟ್ಟಗೆ ಮೇಲಕ್ಕೆ ನುಗ್ಗುತ್ತದೆ. ಮೋಡದ ತಲೆ 12ರಿಂದ 15 ಕಿಲೋಮೀಟರ್ ಎತ್ತರ ಮುಟ್ಟಿ, ಅಲ್ಲಿಂದ ಮೇಲೇರಲಾಗದೆ ಅಕ್ಕಸಾಲಿಗರ ಅಡಿಗಲ್ಲಿನ ಹಾಗೆ ಅಡ್ಡಕ್ಕೆ ಹರಡಿಕೊಳ್ಳುತ್ತದೆ.

ಅಷ್ಟು ಎತ್ತರದಲ್ಲಿ ಎಲ್ಲವೂ ಮಂಜು. ಆದರೆ ನಡುಭಾಗದಲ್ಲಿ, ಸೊನ್ನೆಗಿಂತ 10, 20 ಡಿಗ್ರಿ ಕೆಳಗಿದ್ದರೂ ಹೆಪ್ಪುಗಟ್ಟದ ಸಣ್ಣ ಹನಿಗಳು ಕೋಟಿಗಟ್ಟಲೆ ಇರುತ್ತವೆ. ಹೆಪ್ಪುಗಟ್ಟಲು ಅವಕ್ಕೆ ತಗುಲಿಕೊಳ್ಳುವುದಕ್ಕೊಂದು ಆಸರೆ ಬೇಕು. ಬೀಳುತ್ತಿರುವ ಮಂಜಿನ ಕಾಳೊಂದು ತಾಗಿದರೆ ಆ ಕ್ಷಣವೇ ಅದಕ್ಕೆ ಮೆತ್ತಿಕೊಂಡು ಗಟ್ಟಿಯಾಗುತ್ತವೆ. ಸಿಡಿಲು, ಆಲಿಕಲ್ಲು ಎರಡೂ ಹುಟ್ಟುವುದು ಈ ತಾವಿನಲ್ಲೇ.

ಸಿಡಿಲಿನ ವಿಷಯ ಮೊದಲು ಹೇಳುತ್ತೇನೆ. ಮೆತ್ತಿ ಮೆತ್ತಿ ದಪ್ಪಗಾದ ಕಾಳುಗಳು ಕೆಳಗಿಳಿಯುತ್ತಿರುತ್ತವೆ, ಹಗುರ ಹರಳುಗಳು ಗಾಳಿಯೊಂದಿಗೆ ಮೇಲೇರುತ್ತಿರುತ್ತವೆ. ಒಂದಕ್ಕೊಂದು ತಾಗಿ ಬೇರೆಯಾಗುವಾಗ ಸಾಮಾನ್ಯವಾಗಿ ಕಾಳಿಗೆ ಋಣ ವಿದ್ಯುತ್ತು, ಹರಳಿಗೆ ಧನ ವಿದ್ಯುತ್ತು ಉಳಿಯುತ್ತದೆ. ಮೋಡದ ತಲೆ ಧನ, ನಡು ಋಣ. ಈ ಚಿತ್ರ ಸುಲಭಕ್ಕೆ ಸಿಕ್ಕಿದ್ದಲ್ಲ. ಭಾರತದ ಹವಾಮಾನ ಇಲಾಖೆಯಲ್ಲಿದ್ದ ಜಾರ್ಜ್ ಸಿಂಪ್ಸನ್ 1908ರಲ್ಲಿ ಶಿಮ್ಲಾದಲ್ಲಿ ಮಳೆಹನಿಗಳ ವಿದ್ಯುತ್ತನ್ನು ಅಳೆದು, ಬೀಳುವ ಮಳೆ ಹೆಚ್ಚಾಗಿ ಧನ ವಿದ್ಯುತ್ತನ್ನು ತರುತ್ತದೆ, ಹಾಗಾಗಿ ಮೋಡದ ಕೆಳಭಾಗ ಧನವಿರಬೇಕು ಎಂದರು. ಇಂಗ್ಲೆಂಡಿನಲ್ಲಿದ್ದ ಸಿ.ಟಿ.ಆರ್. ವಿಲ್ಸನ್ ದೂರದ ಸಿಡಿಲುಗಳನ್ನು ಅಳೆದು ಅದಕ್ಕೆ ತದ್ವಿರುದ್ಧ ಹೇಳಿದರು. ವರ್ಷಗಟ್ಟಲೆ ವಾದ ನಡೆಯಿತು. ಕೊನೆಗೆ ಸಿಂಪ್ಸನ್ ತಾವೇ ಸ್ಕ್ರೇಸ್ ಎಂಬವರ ಜೊತೆ ಮೋಡದೊಳಕ್ಕೆ ಬಲೂನು ಹಾರಿಬಿಟ್ಟು 1937ರಲ್ಲಿ ಪ್ರಕಟಿಸಿದ ಫಲಿತಾಂಶ ನೋಡಿ: ಮೇಲೆ ಧನ, ನಡುವೆ ಋಣ, ತೀರ ತಳದಲ್ಲಿ ಮತ್ತೊಂದು ಸಣ್ಣ ಧನದ ಗಂಟು. ವಿಲ್ಸನ್ ಹೇಳಿದ್ದೂ ನಿಜ, ಶಿಮ್ಲಾದ ಮಳೆ ಹೇಳಿದ್ದೂ ಸುಳ್ಳಲ್ಲ. ಎದುರಾಳಿಯ ಮಾತನ್ನೇ ಎತ್ತಿಹಿಡಿಯುವಂಥ ಅಳತೆಯನ್ನು ತಾನೇ ಮಾಡಿ ಪ್ರಕಟಿಸಿದ ಆ ಮನುಷ್ಯನ ಬಗ್ಗೆ ನನಗೆ ತುಂಬ ಗೌರವ.

ಋಣ ವಿದ್ಯುತ್ತು ಮಿತಿಮೀರಿದಾಗ ಮೋಡದಿಂದ ಒಂದು ಮಂಕು ಎಳೆ ಐವತ್ತೈವತ್ತು ಮೀಟರಿನ ಹೆಜ್ಜೆಯಿಡುತ್ತ, ಕವಲೊಡೆಯುತ್ತ ಇಳಿಯುತ್ತದೆ. ಅದು ನೆಲಕ್ಕೆ ಹತ್ತಿರವಾಗುತ್ತಿದ್ದಂತೆ ತೆಂಗಿನ ಸುಳಿಯಿಂದಲೋ ಒಂಟಿ ಮರದಿಂದಲೋ ಇನ್ನೊಂದು ಎಳೆ ಮೇಲಕ್ಕೆ ಚಾಚುತ್ತದೆ. ಎರಡೂ ಕೂಡಿದೊಡನೆ ಸುಮಾರು 30,000 ಆಂಪಿಯರ್ ಹರಿದು, ಹೆಬ್ಬೆರಳಿನಷ್ಟು ದಪ್ಪದ ಆ ದಾರಿಯ ಗಾಳಿ ಸೂರ್ಯನ ಮೇಲ್ಮೈಗಿಂತ ನಾಲ್ಕೈದು ಪಟ್ಟು ಬಿಸಿಯಾಗಿ ಸಿಡಿಯುತ್ತದೆ. ಗುಡುಗು ಆ ಸಿಡಿತದ ಸದ್ದು. ನಾವು ಚಿಕ್ಕವರಿದ್ದಾಗ ಅಜ್ಜಿ, 'ಅರ್ಜುನನ ಹತ್ತು ಹೆಸರು ಹೇಳ್ರೋ' ಎಂದು ನಮ್ಮನ್ನು ಒಳಮನೆಗೆ ಕೂಗುತ್ತಿದ್ದರು. ಹೆಸರು ಹೇಳುವುದರ ಜೊತೆಗೆ ಸೆಕೆಂಡುಗಳನ್ನೂ ಎಣಿಸಿ ಎನ್ನುತ್ತೇನೆ ನಾನು. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಾದರೆ ಸಿಡಿಲು ಒಂದು ಕಿಲೋಮೀಟರ್ ದೂರದಲ್ಲಿದೆ. ಮೂವತ್ತರೊಳಗಿದ್ದರೆ ಹೊಲದಲ್ಲಿ ನಿಲ್ಲಬಾರದು, ಮರದಡಿಗಂತೂ ಹೋಗಲೇಬಾರದು. ಮರಕ್ಕೆ ಬಡಿದ ವಿದ್ಯುತ್ತು ಬುಡದ ಸುತ್ತ ನೆಲದಲ್ಲಿ ಹರಡುವಾಗ ದನದ ಮುಂಗಾಲಿಗೂ ಹಿಂಗಾಲಿಗೂ ನಡುವೆ ಸಾವಿರಾರು ವೋಲ್ಟಿನ ಅಂತರವಿರಬಹುದು. ಮರವನ್ನು ಮುಟ್ಟದೆ ನಿಂತ ದನಗಳು ಸಾಯುವುದು ಹೀಗೆ. ನಮ್ಮ ದೇಶದಲ್ಲಿ ಸಿಡಿಲಿಗೆ ವರ್ಷಕ್ಕೆ 2000ಕ್ಕೂ ಹೆಚ್ಚು ಜನ ಬಲಿಯಾಗುತ್ತಿದ್ದಾರೆ. ಅವರಲ್ಲಿ ಹೊಲಗದ್ದೆಯಲ್ಲಿದ್ದವರೇ ಬಹಳ.

ಇನ್ನು ಆಲಿಕಲ್ಲು. ಅದೇ ಮಂಜುಕಾಳು ಬೀಳದೆ ತೇಲುತ್ತ ಹನಿಗಳನ್ನು ಮೆತ್ತಿಕೊಳ್ಳುತ್ತಲೇ ಹೋದರೆ ಕಲ್ಲಾಗುತ್ತದೆ. ಎಷ್ಟು ದೊಡ್ಡದಾಗುತ್ತದೆ ಎಂಬುದು ಮೇಲೇರುವ ಗಾಳಿ ಎಷ್ಟು ತೂಕ ಹೊರಬಲ್ಲದು ಎಂಬುದಕ್ಕೆ ಬಿಟ್ಟದ್ದು. ಗೋಲಿ ಗಾತ್ರಕ್ಕೆ ಗಂಟೆಗೆ 60-70 ಕಿಲೋಮೀಟರಿನ ಗಾಳಿ ಬೇಕು, ನಿಂಬೆಹಣ್ಣಿನ ಗಾತ್ರಕ್ಕೆ ಸುಮಾರು 100. 1888ರ ಏಪ್ರಿಲ್ 30ರಂದು ಉತ್ತರ ಪ್ರದೇಶದ ಮೊರಾದಾಬಾದ್ ಬಳಿ ಬಿದ್ದ ಕಲ್ಲುಗಳು ಕಿತ್ತಳೆ, ಕ್ರಿಕೆಟ್ ಚೆಂಡಿನಷ್ಟಿದ್ದವು. 246 ಜನ ಸತ್ತರು. ಆಲಿಕಲ್ಲನ್ನು ಕೊಯ್ದರೆ ಹಾಲುಬಿಳುಪಿನ ಪದರ, ಗಾಜಿನಂಥ ಪದರ ಒಂದಾದ ಮೇಲೊಂದು ಕಾಣುತ್ತವೆ. ಅದು ಎಷ್ಟು ಸಲ ಮೇಲೆಕೆಳಗೆ ಹೋಗಿಬಂತು ಎಂಬುದರ ಲೆಕ್ಕ ಇದು ಎಂದು ಬಹಳ ಪುಸ್ತಕಗಳಲ್ಲಿದೆ. ಆ ವಿವರಣೆ ಈಗ ನಿಲ್ಲುವುದಿಲ್ಲ. ನೀರು ಕಡಿಮೆಯಿದ್ದ ತಾವಿನಲ್ಲಿ ಹನಿ ತಟ್ಟನೆ ಹೆಪ್ಪುಗಟ್ಟಿ ಗಾಳಿಗುಳ್ಳೆ ಒಳಗೇ ಸಿಕ್ಕಿಕೊಳ್ಳುತ್ತದೆ, ಪದರ ಬೆಳ್ಳಗಾಗುತ್ತದೆ. ನೀರು ಹೆಚ್ಚಿದ್ದಲ್ಲಿ ನಿಧಾನವಾಗಿ ಗಟ್ಟಿಯಾಗಿ ಗುಳ್ಳೆ ಹೊರಹೋಗುತ್ತದೆ, ಪದರ ತಿಳಿಯಾಗುತ್ತದೆ. ಒಂದೇ ಏರಿನಲ್ಲಿ ಎರಡೂ ಆಗಬಲ್ಲವು.

ಹಾಗಾದರೆ ಜುಲೈನಲ್ಲಿ ಆಗುಂಬೆಯಲ್ಲಿ ದಿನವಿಡೀ ಸುರಿದರೂ ಆಲಿಕಲ್ಲು ಯಾಕಿಲ್ಲ, ಗುಡುಗೂ ಯಾಕೆ ಅಪರೂಪ? ಮುಂಗಾರು ನೆಲೆಗೊಂಡ ಮೇಲೆ ನೆಲಕ್ಕೆ ಬಿಸಿಲು ತಾಗುವುದಿಲ್ಲ, ಮೇಲಿನಿಂದ ಕೆಳಗಿನವರೆಗೂ ಗಾಳಿ ಒದ್ದೆ, ಮೋಡದ ಒಳಗೂ ಹೊರಗೂ ಉಷ್ಣತೆಯ ಅಂತರ ಕಡಿಮೆ. ಗಾಳಿ ನಿಧಾನಕ್ಕೆ ಏರುತ್ತದೆ. ಮಂಜಿನ ಎತ್ತರ ಮುಟ್ಟುವ ಮೊದಲೇ ಹನಿಗಳು ಒಂದಕ್ಕೊಂದು ಕೂಡಿ ಮಳೆಯಾಗಿ ಬಿದ್ದುಬಿಡುತ್ತವೆ. ಕರಾವಳಿಯಲ್ಲಿ ಆಲಿಕಲ್ಲು ಬೀಳುವುದು ಕಡಿಮೆ ಎಂಬುದಕ್ಕೆ ಇನ್ನೊಂದು ಕಾರಣವಿದೆ. ಸೊನ್ನೆ ಡಿಗ್ರಿಯ ಮಟ್ಟದಿಂದ ಮಂಗಳೂರಿಗೆ ಐದು ಕಿಲೋಮೀಟರಿನಷ್ಟು ಬೆಚ್ಚನೆಯ, ಒದ್ದೆ ಗಾಳಿಯನ್ನು ಹಾದು ಬರಬೇಕು, ಸಣ್ಣ ಕಲ್ಲು ದಾರಿಯಲ್ಲೇ ಕರಗುತ್ತದೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ದಾರಿ ಅಷ್ಟು ಕಡಿಮೆ. ಮೋಡದ ಸುತ್ತ ಒಣಗಾಳಿಯಿದ್ದರೆ ಕಲ್ಲಿನ ಮೇಲಿನ ನೀರು ಆವಿಯಾಗುತ್ತ ಅದನ್ನು ತಣ್ಣಗೂ ಇಡುತ್ತದೆ.

ಬೀಳುವ ಮಳೆ, ಕಲ್ಲು ತಮ್ಮೊಂದಿಗೆ ತಣ್ಣನೆ ಗಾಳಿಯನ್ನೂ ಎಳೆದು ತರುತ್ತವೆ. ಮಳೆಗೆ ಐದು ನಿಮಿಷ ಮುಂಚೆ ಧೂಳೆಬ್ಬಿಸಿ ಕಿಟಕಿ ಬಡಿಯುವುದು ಅದೇ ಗಾಳಿ. ಅದು ಮೋಡದ ಕೆಳಗೆ ಹರಡಿ ಬೆಚ್ಚನೆ ಗಾಳಿ ಏರುವ ದಾರಿಯನ್ನೇ ಮುಚ್ಚುವುದರಿಂದ ಒಂಟಿ ಮೋಡ ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ಬರಿದಾಗುತ್ತದೆ. ಆದರೆ ಆ ತಣ್ಣನೆಯ ಗಾಳಿ ನೆಲ ಸವರುತ್ತ ಮುಂದೆ ಹೋಗಿ ಪಕ್ಕದ ಊರಿನ ಸೆಕೆಯ ಗಾಳಿಯ ಅಡಿಗೆ ನುಗ್ಗಿ ಅದನ್ನು ಮೇಲಕ್ಕೆತ್ತುತ್ತದೆ, ಅಲ್ಲಿ ಇನ್ನೊಂದು ಮೋಡ ಏಳುತ್ತದೆ. ರಾಡಾರ್ ಮುಂದೆ ಕೂತವರು ಇಂಥ ದಿನ ಕಣ್ಣಿಡುವುದು ಈ ಗಾಳಿಯ ಅಂಚಿನ ಮೇಲೆಯೇ. ಎರಡು ಅಂಚುಗಳು ಎಲ್ಲಿ ಡಿಕ್ಕಿಯಾಗುತ್ತವೆಯೋ ಅಲ್ಲಿ ಮುಂದಿನ ಗಂಟೆಯೊಳಗೆ ಸಿಡಿಲಿನ ಎಚ್ಚರಿಕೆ ಕೊಡಬಹುದು. ಬೆಳಿಗ್ಗೆಯೇ ಊರಿನ ಹೆಸರು ಹಿಡಿದು ಹೇಳು ಎಂದರೆ ಅವರಿಂದಲೂ ಆಗದು.