ಕೈಬಿಟ್ಟ ಸೀಸದಕಡ್ಡಿ

ಬಂದ ಲೇಖನವನ್ನು ಮೊದಲ ಸಲ ಓದುವಾಗ ಸೀಸದಕಡ್ಡಿಯನ್ನು ಮುಟ್ಟಬಾರದೆಂಬುದು ಸಂಪಾದಕನಾಗಿ ನಾನು ಕಷ್ಟಪಟ್ಟು ಹಿಡಿದ ವ್ರತ. ಅದು ಕೈಯಲ್ಲಿದ್ದರೆ ಕಣ್ಣು ಕಾಗುಣಿತದ ತಪ್ಪುಗಳನ್ನೇ ಅರಸುವುದಲ್ಲದೆ, ಬರೆಹ ಎತ್ತ ಹೊರಟಿದೆಯೆಂಬುದನ್ನು ಕಾಣದು.

ಒಮ್ಮೆ ದೀಪಾವಳಿ ವಿಶೇಷಾಂಕಕ್ಕೆಂದು, ಮಲೆನಾಡಿನ ನಿವೃತ್ತ ಉಪಾಧ್ಯಾಯರೊಬ್ಬರಲ್ಲಿ ಅಡಕೆ ಸುಲಿಯುವ ರಾತ್ರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು 800 ಪದಗಳ ಪ್ರಬಂಧವೊಂದನ್ನು ಬೇಡಿದ್ದೆ. ಬಂದುದು ತಾಂಬೂಲದ ಮಹಿಮೆ, ಪೂಜೆಯಲ್ಲಿ ಪೂಗಫಲಕ್ಕಿರುವ ಸ್ಥಾನ, ಪೇಟೆಧಾರಣೆಯ ಏರಿಳಿತ ಇವೆಲ್ಲವನ್ನೂ ಒಳಗೊಂಡ 2,000 ಪದಗಳ ಪ್ರೌಢ ನಿಬಂಧ. ಭಾಷೆ ಪರಿಶುದ್ಧ, ವಿದ್ವತ್ತು ನಿಸ್ಸಂದೇಹ. ಸುಲಿಯುವವರು ಮಾತ್ರ ಎಲ್ಲಿಯೂ ಇರಲಿಲ್ಲ. ಎರಡನೆಯ ಓದಿನಲ್ಲಿ, ಆರನೆಯ ಪುಟದ ನಡುವೆ, ಒಂದು ವಾಕ್ಯ ನನ್ನನ್ನು ತಡೆದು ನಿಲ್ಲಿಸಿತು: ಚೊಗರಿನಲ್ಲಿ ಬೇಯುತ್ತಿದ್ದ ಅಡಕೆಯನ್ನು ಸೌಟಿನಲ್ಲೆತ್ತಿ ನೋಡಿ, ‘ಕಣ್ಣು ಬಿಟ್ಟಿತು, ಇಳಿಸಿ’ ಎನ್ನುತ್ತಿದ್ದ ಅವರ ಅಜ್ಜಿ ಅಲ್ಲಿ ಕ್ಷಣಮಾತ್ರ ಇಣುಕಿ ಮರೆಯಾಗಿದ್ದರು.

ಇನ್ನು ಕಾಗದ ಬರೆಯುವ ಸುಖ. ಹಿಂದೊಮ್ಮೆ ನಾನು ಹೊಗಳಿಕೆಯ ಬೆಲ್ಲದಲ್ಲಿ ನಿರಾಕರಣೆಯನ್ನು ಎಷ್ಟು ಚೆನ್ನಾಗಿ ಅಡಗಿಸಿದ್ದೆನೆಂದರೆ, ಆ ಲೇಖಕರು ತಮ್ಮ ಬರೆಹ ಸ್ವೀಕೃತವಾಯಿತೆಂದೇ ನಂಬಿ ಮೂರು ಸಂಚಿಕೆಗಳವರೆಗೆ ಕಾದಿದ್ದರು. ಆದ್ದರಿಂದ ಈ ಸಲ, ‘ಲೇಖನವನ್ನು ಈಗಿರುವ ರೂಪದಲ್ಲಿ ವಿಶೇಷಾಂಕಕ್ಕೆ ಬಳಸಲಾರೆ’ ಎಂಬುದನ್ನೇ ಮೊದಲು ಬರೆದು, ‘ಅಡಕೆಯ ವಿಷಯವಾಗಿ’ ಎಂದು ಸಡಿಲವಾಗಿ ಕೇಳಿದ ನನ್ನ ಪಾಲಿನ ತಪ್ಪನ್ನೂ ಒಪ್ಪಿಕೊಂಡೆ. ಬಳಿಕ ಆರನೆಯ ಪುಟದ ಆ ವಾಕ್ಯವನ್ನು ಅವರ ಮಾತುಗಳಲ್ಲಿಯೇ ಎತ್ತಿ ಬರೆದು, ‘ನನಗೆ ಬೇಕಾದ ಪ್ರಬಂಧ ಇಲ್ಲಿಂದ ಆರಂಭವಾಗುತ್ತದೆ’ ಎಂದು ತಿಳಿಸಿ, ಮೂರೇ ಪ್ರಶ್ನೆಗಳನ್ನಿಟ್ಟೆ: ಮೆಟ್ಟುಗತ್ತಿಯ ಮುಂದೆ ಯಾರು ಯಾರ ಪಕ್ಕದಲ್ಲಿ ಕೂರುತ್ತಿದ್ದರು? ಸುಲಿದುದನ್ನು ಹೇಗೆ ಅಳೆದು ಕೂಲಿ ಕೊಡುತ್ತಿದ್ದಿರಿ? ನಿದ್ದೆಯನ್ನು ಹೇಗೆ ಗೆಲ್ಲುತ್ತಿದ್ದಿರಿ? ‘ಸ್ವಾರಸ್ಯ ಸಾಲದು’ ಎಂದಿದ್ದರೆ ಅವರು ಅಲಂಕಾರವನ್ನು ಹೆಚ್ಚಿಸುತ್ತಿದ್ದರು. ಪ್ರಶ್ನೆಗಾದರೋ ನೆನಪಿನಿಂದಲೇ ಉತ್ತರ ಬರಬೇಕು. ಮಾದರಿಗೆಂದು ಒಂದು ವಾಕ್ಯವನ್ನು ನಾನೇ ಬರೆದುಕೊಡುವ ಚಪಲವನ್ನು ಮಾತ್ರ ತಡೆದುಕೊಂಡೆ, ಏಕೆಂದರೆ ಹಾಗೆ ಕೊಟ್ಟ ವಾಕ್ಯ ಮರಳಿ ಬಂದಾಗ ಲೇಖಕರ ದನಿಯ ನಡುವೆ ನನ್ನ ದನಿ ಅಪಸ್ವರವಾಗಿ ಕೇಳಿಸುತ್ತದೆ.

ಹನ್ನೆರಡು ದಿನಗಳಲ್ಲಿ ಹೊಸ ಪ್ರತಿ ಬಂದಿತು. ನಿದ್ದೆ ಹತ್ತಿದವರ ಕತ್ತಿಯ ಸದ್ದು ಮೊದಲು ನಿಧಾನವಾಗುತ್ತದೆಂದೂ, ಅದನ್ನು ಕಿವಿಯಲ್ಲೇ ಗುರುತಿಸಿದ ಅಜ್ಜಿ ಆಗ ಕಥೆಯನ್ನು ಆರಂಭಿಸುತ್ತಿದ್ದರೆಂದೂ, ಕಥೆ ಭಯಂಕರವಾದಷ್ಟೂ ಬುಟ್ಟಿಗಳು ಬೇಗ ತುಂಬುತ್ತಿದ್ದುವೆಂದೂ ಅದರಲ್ಲಿತ್ತು. ಹೇಳಿದ್ದಕ್ಕಿಂತ ನೂರು ಪದಗಳು ಹೆಚ್ಚಾಗಿದ್ದುವು. ಎರಡನೆಯ ಓದಿನಲ್ಲಿಯೂ ಸೀಸದಕಡ್ಡಿ ಕೈಗೆ ಬರಲಿಲ್ಲ.